ಎರವಲು ಕೊಡಲಾಗದ ಪುಸ್ತಕ

ದುಡ್ಡು ಕೊಟ್ಟು ಪುಸ್ತಕ ತಂದವನಿಗೆ ಅದರ ಮೇಲೆ ಇರುವ ಹಕ್ಕು ಯಾವುದು? ಓದುವ ಹಕ್ಕು ಮಾತ್ರವೇ? ಅಥವಾ ಓದಿ ಮುಗಿಸಿ ಇನ್ನೊಬ್ಬರ ಕೈಗಿಡುವ ಹಕ್ಕೂ ಅದರಲ್ಲಿ ಸೇರಿದೆಯೇ? ಕಾಗದದ ಪುಸ್ತಕ ಮಾತ್ರ ಇದ್ದಾಗ ಯಾರೂ ಈ ಪ್ರಶ್ನೆ ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. ಇ-ರೀಡರ್ ಎಂಬ ಓದುವ ಯಂತ್ರ ಬಂದ ಮೇಲೆ ಅದು ನಮ್ಮ ಸಣ್ಣ ಊರುಗಳವರೆಗೂ ಬಂದು ನಿಂತಿದೆ.

ಸ್ಕಂದಗಿರಿಯ ಸುತ್ತಲಿನ ನಮ್ಮ ಸೀಮೆಯಲ್ಲಿ, ಅಂದರೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳಲ್ಲಿ, ಓದುಗರು ಎಷ್ಟಿದ್ದಾರೋ ಅಷ್ಟು ಪುಸ್ತಕದ ಅಂಗಡಿಗಳಿಲ್ಲ. ಒಳ್ಳೆಯ ಪುಸ್ತಕ ಬೇಕೆಂದರೆ ಬೆಂಗಳೂರಿನ ಬಸ್ಸು ಹತ್ತಬೇಕು, ಇಲ್ಲವೇ ಅಂಚೆಯಲ್ಲಿ ತರಿಸಬೇಕು. ಆದ್ದರಿಂದ ಊರೂರು ತಿರುಗುವ ಓದುಗನೇ ಇಲ್ಲಿ ಒಂದು ಗ್ರಂಥಾಲಯ. ನನಗೆ ಪರಿಚಯದ ಶಿಡ್ಲಘಟ್ಟದ ರೇಷ್ಮೆ ನೂಲಿನ ವ್ಯಾಪಾರಿಯೊಬ್ಬರಿದ್ದಾರೆ. ನೂಲಿನ ಲೆಕ್ಕಕ್ಕೆಂದು ವಾರಾಣಸಿಗೆ, ಧರ್ಮಾವರಂಗೆ, ಕಾಂಚೀಪುರಕ್ಕೆ ಹೋಗುತ್ತಲೇ ಇರುತ್ತಾರೆ. ಕನ್ನಡ, ಉರ್ದು ಎರಡನ್ನೂ ಓದುತ್ತಾರೆ. ಅವರ ಅಂಗಡಿಯ ಒಳಕೋಣೆಯಲ್ಲಿ ಒಂದು ಬೀರು ಪುಸ್ತಕ, ಪಕ್ಕದಲ್ಲಿ ಯಾರು ಯಾವುದನ್ನು ಒಯ್ದರು ಎಂದು ಬರೆದಿಡುವ ಒಂದು ನೋಟುಪುಸ್ತಕ. ಶಾಲಾ ಮೇಷ್ಟ್ರು, ರೀಲರುಗಳ ಮಕ್ಕಳು, ಇಬ್ಬರು ಮೂವರು ಗೃಹಿಣಿಯರ ಹೆಸರು ಅದರಲ್ಲಿದೆ.

ಅವರ ಕಷ್ಟ ಭಾರದ್ದು. ಮುನ್ನೂರು ಪುಟದ ಕಾದಂಬರಿಯೊಂದು ಹೆಚ್ಚುಕಡಿಮೆ 350 ಗ್ರಾಂ ತೂಗುತ್ತದೆ. ಎರಡು ರಾತ್ರಿಗಳ ರೈಲು ಪ್ರಯಾಣ, ಅಲ್ಲಿ ನಾಲ್ಕು ದಿನ ಲಾಡ್ಜಿನ ವಾಸ, ಮತ್ತೆ ಎರಡು ರಾತ್ರಿ ವಾಪಸು. ಇಷ್ಟಕ್ಕೆ ನಾಲ್ಕು ಪುಸ್ತಕವಾದರೂ ಬೇಕು. ನೂಲಿನ ಮಾದರಿಯ ಚೀಲದ ಜೊತೆ ಮತ್ತೆ ಒಂದೂವರೆ ಕಿಲೋ. ಆರು ಇಂಚಿನ ಇ-ರೀಡರ್ ಸುಮಾರು 200 ಗ್ರಾಂ ಮಾತ್ರ, ಅದರೊಳಗೆ ಸಾವಿರಾರು ಪುಸ್ತಕ. ಪರದೆ ಮೊಬೈಲಿನಂತೆ ಕಣ್ಣಿಗೆ ಬೆಳಕು ಚೆಲ್ಲುವುದಿಲ್ಲ. ಕಪ್ಪು, ಬಿಳಿ ಕಣಗಳು ಮೇಲೆ ಕೆಳಗೆ ಸರಿದು ಅಕ್ಷರವಾಗುತ್ತವೆ. ಪುಟ ತಿರುಗಿಸುವಾಗಲಷ್ಟೇ ಪರದೆಗೆ ವಿದ್ಯುತ್ತು ಬೇಕಾದ್ದರಿಂದ ಒಮ್ಮೆ ಚಾರ್ಜು ಮಾಡಿದರೆ ವಾರಗಟ್ಟಲೆ ಸಾಕು. ಬಿಸಿಲಲ್ಲೂ ಕಾಗದದಂತೆಯೇ ಓದಬಹುದು. "ಭಾಯ್, ನನ್ನ ಹೆಗಲು ಉಳಿಯುತ್ತೆ, ತಗೊಂಡುಬಿಡಲೇ?" ಎಂದು ಅವರು ನನ್ನನ್ನು ಕೇಳಿದ್ದರು.

ಇಂಗ್ಲಿಷ್ ಮಾತ್ರ ಓದುವವರಿಗೆ ಉತ್ತರ ಸುಲಭ. ಕನ್ನಡ, ಉರ್ದು ಓದುವವರಿಗೆ ಅಷ್ಟು ಸುಲಭವಲ್ಲ. ಅಮೆಜಾನ್ ಕಂಪನಿ 2016ರಲ್ಲಿ ತನ್ನ ಕಿಂಡಲ್ ಅಂಗಡಿಗೆ ಹಿಂದಿ, ತಮಿಳು, ಮಲಯಾಳಂ, ಮರಾಠಿ, ಗುಜರಾತಿಗಳನ್ನು ಸೇರಿಸಿಕೊಂಡಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ, ಉರ್ದುವೂ ಇರಲಿಲ್ಲ. ಕನ್ನಡಿಗರೇ 2020ರಲ್ಲಿ ಮೈಲ್ಯಾಂಗ್‌ನಂಥ ಇ-ಪುಸ್ತಕದ ಆ್ಯಪ್ ತಂದರು. ಆದರೆ ಆ್ಯಪ್ ಎಂದರೆ ಮೊಬೈಲು. ಸಾಧಾರಣ ಇ-ರೀಡರಿನಲ್ಲಿ ಅದು ನಡೆಯುವುದಿಲ್ಲ.

ಉಳಿದದ್ದು ಹಳೆಯ ಪುಸ್ತಕಗಳ ಸ್ಕ್ಯಾನ್ ಪ್ರತಿಗಳು. ಇಂಟರ್ನೆಟ್ ಆರ್ಕೈವ್‌ನಲ್ಲಿ ಕನ್ನಡ, ಉರ್ದು ಎರಡೂ ಧಾರಾಳವಾಗಿವೆ. ಆದರೆ ಅವು ಅಕ್ಷರಗಳಲ್ಲ, ಪುಟಗಳ ಚಿತ್ರಗಳು. ಡೆಮಿ 1/8 ಪುಟದ ಎತ್ತರ ಎಂಟೂವರೆ ಇಂಚು. ಆರು ಇಂಚಿನ ಯಂತ್ರದ ಪರದೆಯ ಎತ್ತರ ಸುಮಾರು 4.8 ಇಂಚು ಮಾತ್ರ, ಏಕೆಂದರೆ ಆರು ಇಂಚು ಎಂಬುದು ಮೂಲೆಯಿಂದ ಮೂಲೆಗಿನ ಅಳತೆ. ಹೀಗಾಗಿ 12 ಪಾಯಿಂಟಿನ ಅಕ್ಷರ 7 ಪಾಯಿಂಟಿಗೆ ಕುಗ್ಗುತ್ತದೆ. ಕನ್ನಡದ ಒತ್ತಕ್ಷರ ಆ ಗಾತ್ರದಲ್ಲಿ ಚುಕ್ಕೆಯಾಗುತ್ತದೆ. ಉರ್ದುವಿನ ನುಕ್ತಾಗಳೂ ಅಷ್ಟೆ. ಪುಟದ ಅಂಚು ಕತ್ತರಿಸಿ ಯಂತ್ರವನ್ನು ಅಡ್ಡ ಹಿಡಿದರೆ ಅಕ್ಷರ ಸುಮಾರಾಗಿ ಮೂಲದ ಗಾತ್ರಕ್ಕೆ ಬರುತ್ತದೆ, ಒಂದೊಂದು ಪುಟವನ್ನು ಎರಡು ಸಲಕ್ಕೆ ಓದಬೇಕು, ಅಷ್ಟೇ. ಹತ್ತು ಇಂಚಿನ ಯಂತ್ರದಲ್ಲಿ ಈ ತೊಂದರೆ ಇಲ್ಲ, ಆದರೆ ಅದರ ತೂಕ ಮತ್ತೆ ಒಂದು ಪುಸ್ತಕದಷ್ಟೇ ಆಗುತ್ತದೆ, ಬೆಲೆಯೂ ಬಹಳ.

ಕೊಳ್ಳುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಬಹುದು. ಕಡತ ತೆರೆದು ಅಕ್ಷರ ದೊಡ್ಡದು ಮಾಡಿ. ಸಾಲುಗಳು ತಾವೇ ಮುರಿದು ಪರದೆಯೊಳಗೆ ಕೂತರೆ ಅದು ನಿಜವಾದ ಅಕ್ಷರ. ಪುಟವನ್ನು ಬೆರಳಲ್ಲಿ ಎಳೆದಾಡಬೇಕಾದರೆ ಅದು ಚಿತ್ರ. ನಿಜವಾದ ಅಕ್ಷರವಾದರೆ 'ಸ್ತ್ರೀ', 'ಅರ್ಥ' ಎಂಬ ಪದಗಳನ್ನು ಹುಡುಕಿ ನೋಡಿ. ಒತ್ತು ಕಳಚಿ ಪಕ್ಕಕ್ಕೆ ಬಿದ್ದಿದ್ದರೆ ಆ ಯಂತ್ರಕ್ಕೆ ಕನ್ನಡ ಬರುವುದಿಲ್ಲ. ಉರ್ದುವಿನಲ್ಲಿ ಬರಹ ನಸ್ತಾಲೀಖ್‌ನಂತೆ ಓರೆಯಾಗಿ ಇಳಿಯದೆ ನಸ್ಖ್‌ನಂತೆ ನೇರ ಗೆರೆಯಲ್ಲಿ ನಿಂತಿದ್ದರೆ, ಉರ್ದು ಶಾಲೆಯ ಕಣ್ಣುಗಳು ಹತ್ತು ಪುಟಕ್ಕೇ ದಣಿಯುತ್ತವೆ.

ಇದು ಯಂತ್ರದ ಮಾತಾಯಿತು. ಇನ್ನು ಹಕ್ಕಿನ ಮಾತು.

ನಮ್ಮ ಕೃತಿಸ್ವಾಮ್ಯ ಕಾನೂನಿನ ಪ್ರಕಾರ ಒಮ್ಮೆ ಮಾರಾಟವಾದ ಪುಸ್ತಕದ ಪ್ರತಿಯನ್ನು ಕೊಂಡವನು ಮಾರಬಹುದು, ಕೊಡಬಹುದು, ಮಕ್ಕಳಿಗೆ ಬಿಟ್ಟುಹೋಗಬಹುದು. ಪ್ರಕಾಶಕ ಬಂದು ಕೇಳುವಂತಿಲ್ಲ. ಇ-ಪುಸ್ತಕವನ್ನು ಸಾಮಾನ್ಯವಾಗಿ ನಮಗೆ ಮಾರುವುದೇ ಇಲ್ಲ. ಓದಲು ಪರವಾನಗಿ ಕೊಡುತ್ತಾರೆ, ಕೊಟ್ಟವರು ಹಿಂತೆಗೆದುಕೊಳ್ಳಲೂ ಬಲ್ಲರು. 2009ರ ಜುಲೈನಲ್ಲಿ ಅಮೆರಿಕದಲ್ಲಿ ಅಮೆಜಾನ್ ಕಂಪನಿ ಜಾರ್ಜ್ ಆರ್ವೆಲ್‌ನ ಎರಡು ಕೃತಿಗಳನ್ನು ಗಿರಾಕಿಗಳ ಕಿಂಡಲ್‌ಗಳಿಂದ ದೂರದಿಂದಲೇ ಅಳಿಸಿಹಾಕಿತು. ಮಾರಿದವನಿಗೆ ಹಕ್ಕಿರಲಿಲ್ಲ ಎಂಬುದು ಕಾರಣ. ಹಣ ವಾಪಸು ಬಂತು, ಕಂಪನಿಯ ಮುಖ್ಯಸ್ಥರು ಕ್ಷಮೆಯನ್ನೂ ಕೇಳಿದರು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡವರ ಪುಸ್ತಕಗಳೆಲ್ಲ ತೆರೆಯದಾದವು. ಅಲ್ಲೂ ಹಣ ವಾಪಸು ಬಂತು. ಆದರೆ ಮಾರಿದವನು ರಾತ್ರಿ ನಮ್ಮ ಮನೆಗೆ ಬಂದು, ಪುಸ್ತಕ ಎತ್ತಿಕೊಂಡು, ಮೇಜಿನ ಮೇಲೆ ದುಡ್ಡಿಟ್ಟು ಹೋದರೆ ಅದನ್ನು ನಾವು ನ್ಯಾಯವೆನ್ನುತ್ತೇವೆಯೇ?

ಇಂಥ ಘಟನೆಗಳು ಅಪರೂಪ ಎಂದು ವಾದಿಸಬಹುದು. ಒಪ್ಪೋಣ. ದಿನನಿತ್ಯದ ನಷ್ಟ ಬೇರೆಯೇ ಇದೆ. ನಮ್ಮ ವ್ಯಾಪಾರಿ ಬೀಗ ಹಾಕಿದ ಇ-ಪುಸ್ತಕಗಳನ್ನೇ ಕೊಳ್ಳತೊಡಗಿದರೆ ಅವರ ಓದು ನಿಲ್ಲುವುದಿಲ್ಲ, ಹೆಚ್ಚೂ ಆದೀತು. ನಿಲ್ಲುವುದು ಆ ನೋಟುಪುಸ್ತಕ. ಅವರ ಹೆಗಲು ಹಗುರಾದಷ್ಟೂ ಮೇಷ್ಟ್ರ ಕೈ ಬರಿದಾಗುತ್ತದೆ. ಒಬ್ಬನ ಅನುಕೂಲಕ್ಕೆ ಹತ್ತು ಮಂದಿ ಬೆಲೆ ತೆರುತ್ತಾರೆ, ಬೆಲೆ ತೆತ್ತದ್ದು ಅವರಿಗೆ ಗೊತ್ತೂ ಆಗುವುದಿಲ್ಲ.

ಹಾಗೆಂದು ಕಾಗದವೇ ಧರ್ಮ, ಯಂತ್ರವೇ ಅಧರ್ಮ ಎಂದು ನಾನು ಹೇಳಲಾರೆ. ಎರವಲನ್ನು ತಡೆಯುವುದು ಪರದೆಯಲ್ಲ, ಬೀಗ. ನಮ್ಮ ದೇಶದಲ್ಲಿ ಲೇಖಕ ತೀರಿಕೊಂಡ ನಂತರ 60 ವರ್ಷಕ್ಕೆ ಕೃತಿ ಎಲ್ಲರದಾಗುತ್ತದೆ. 1936ರಲ್ಲಿ ತೀರಿಕೊಂಡ ಪ್ರೇಮಚಂದ್, 1937ರಲ್ಲಿ ತೀರಿಕೊಂಡ ಪಂಜೆ ಮಂಗೇಶರಾಯರು, 1955ರಲ್ಲಿ ತೀರಿಕೊಂಡ ಮಂಟೋ, ಇವರ ಮೂಲ ಬರಹಗಳು ಈಗ ನಮ್ಮೆಲ್ಲರ ಸೊತ್ತು. ಇವುಗಳ ಕಡತ ಕಾಗದದ ಪುಸ್ತಕಕ್ಕಿಂತ ಉದಾರಿ. ಒಬ್ಬರಿಗೆ ಕೊಟ್ಟರೆ ನನ್ನಲ್ಲೂ ಉಳಿಯುತ್ತದೆ, ಒಯ್ದವರು ಹಿಂದಿರುಗಿಸಲಿಲ್ಲವೆಂಬ ಜಗಳವೂ ಇಲ್ಲ. ಈಗ ಬರೆಯುತ್ತಿರುವವರ ಕೃತಿಯನ್ನು ಹೀಗೆ ಹಂಚಿದರೆ ಮಾತ್ರ ಅದು ಅವರ ಅನ್ನಕ್ಕೆ ಕೈ ಹಾಕಿದಂತೆ.

ಆದ್ದರಿಂದ ನಾನು ಆ ಗೆಳೆಯರಿಗೆ ಕೊಟ್ಟ ಸಲಹೆ ಇಷ್ಟು. ಯಂತ್ರ ಕೊಳ್ಳಿ, ಅದರಲ್ಲಿ ಎಲ್ಲರದಾಗಿರುವ ಹಳೆಯ ಪುಸ್ತಕಗಳನ್ನು ತುಂಬಿ ರೈಲು ಹತ್ತಿ. ಬದುಕಿರುವ ಕನ್ನಡ, ಉರ್ದು ಲೇಖಕರ ಪುಸ್ತಕಗಳನ್ನು ಅಚ್ಚಿನಲ್ಲೇ ಕೊಂಡು ಬೀರುವಿನಲ್ಲಿಡಿ; ಪ್ರಯಾಣಕ್ಕೆ ಅವುಗಳಲ್ಲಿ ಒಂದು ಸಾಕು. ಬೀಗ ಹಾಕಿದ ಇ-ಪುಸ್ತಕಕ್ಕೆ ದುಡ್ಡು ಕೊಡುವಾಗ, ಅದು ಪುಸ್ತಕದ ಬೆಲೆಯಲ್ಲ, ಓದಿದ್ದಕ್ಕೆ ಕೊಟ್ಟ ಬಾಡಿಗೆ ಎಂದು ತಿಳಿದೇ ಕೊಡಿ. ಬಾಡಿಗೆ ತಪ್ಪಲ್ಲ. ಆದರೆ ಬಾಡಿಗೆಯ ಮನೆಗೆ ನೆಂಟರನ್ನು ಕರೆಯಲೂ ಮಾಲೀಕನ ಅಪ್ಪಣೆ ಬೇಕೆಂದಾದರೆ, ಅಂಥ ಮನೆಯಲ್ಲಿ ಎಷ್ಟು ದಿನ ಇರಬೇಕೆಂದು ಯೋಚಿಸುವುದು ಒಳ್ಳೆಯದು.