ಅಚ್ಚಾಗುವ ಮುನ್ನ ಕೇಳಬೇಕಾದ ಮಾತು

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಪ್ರಿಯ ಡಾಕ್ಟರ್,

ನಿಮ್ಮ ಕೇಸ್ ರಿಪೋರ್ಟ್ ಓದಿ ಮುಗಿಸಿದಾಗ ನೆನಪಾದದ್ದು ಈ ಗಾದೆ. ಮೊದಲು ಸಂತೋಷದ ವಿಷಯ ಹೇಳುತ್ತೇನೆ. ಉಬ್ಬುಮೂಗಿನ ಗುಳಿಮಂಡಲದ ಕಡಿತವನ್ನು ಇಷ್ಟು ತಿಳಿಯಾಗಿ ಬರೆದವರು ಕಡಿಮೆ. ಮನೆಯವರು ತಂದ ಸತ್ತ ಹಾವಿನಿಂದ ಜಾತಿಯನ್ನು ಹೇಗೆ ಗುರುತಿಸಿದಿರಿ, ಗಾಜಿನ ನಳಿಕೆಯಲ್ಲಿ 20 ನಿಮಿಷ ಇಟ್ಟ ರಕ್ತ ಯಾವ ಯಾವ ಹೊತ್ತಿಗೆ ಹೆಪ್ಪುಗಟ್ಟಲಿಲ್ಲ, ಮೂತ್ರ ಎಂದು ಕಡಿಮೆಯಾಯಿತು, ಎಲ್ಲವೂ ಕಾಲಾನುಕ್ರಮದಲ್ಲಿದೆ. ನಮ್ಮ ಆಂಟಿವೆನಮ್ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷಕ್ಕೆ ತಯಾರಾದದ್ದು. ಈ ಹಾವಿಗೆ ಅದು ನಾಟುವುದಿಲ್ಲ. ವಯಲ್ ಮೇಲೆ ವಯಲ್ ಏರಿಸುವುದನ್ನು ನಿಲ್ಲಿಸಿ ಡಯಾಲಿಸಿಸ್‌ಗೆ ಏಕೆ ತಿರುಗಿದಿರಿ ಎಂಬುದನ್ನು ಓದಿದರೆ ತಾಲ್ಲೂಕು ಆಸ್ಪತ್ರೆಯ ವೈದ್ಯರಿಗೂ ದಾರಿ ಕಾಣುತ್ತದೆ.

ಇನ್ನು ಒಪ್ಪಿಗೆಯ ವಿಷಯ. ಫೈಲಿನಲ್ಲಿರುವುದು ಡಯಾಲಿಸಿಸ್‌ಗೆ ರೋಗಿಯ ಅಣ್ಣ ಹಾಕಿದ ಸಹಿ. ಆಕೆಗೆ ಆಗ ಮಂಪರು, ಸರಿ. ಆದರೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆ ಪ್ರಕಟಣೆಗೆ ಸಲ್ಲುವುದಿಲ್ಲ. ಗುಣವಾಗಿ, ನಡೆದು ಮನೆಗೆ ಹೋದವರನ್ನು ನೀವೇ ಕೇಳಬೇಕಿತ್ತು.

ಹೆಸರು ತೆಗೆದಿದ್ದೀರಿ. ಆದರೆ ಊರು, ಕಡಿತದ ದಿನಾಂಕ, ವಯಸ್ಸು, ಅಡಿಕೆ ತೋಟದ ಕೂಲಿ ಎಂಬ ವಿವರ ಒಟ್ಟಿಗೆ ಬಂದರೆ ಆ ಊರಿನಲ್ಲಿ ಹೆಸರು ಬೇಕೇ? ಪಾದದ ಫೋಟೋದಲ್ಲಿ ಹಚ್ಚೆಯೂ ಇದೆ. ನನ್ನನ್ನು ಹೆಚ್ಚು ಕಾಡಿದ್ದು ಡಯಾಲಿಸಿಸ್‌ಗೆ ಮುಂಚಿನ ತಪಾಸಣೆಯ ಒಂದು ಸಾಲು: ಹೆಪಟೈಟಿಸ್ ಬಿ ಪಾಸಿಟಿವ್. ಯಾವ ಯಂತ್ರದಲ್ಲಿ ಡಯಾಲಿಸಿಸ್ ಮಾಡಬೇಕೆಂದು ತೀರ್ಮಾನಿಸಲು ಅದು ಬೇಕಿತ್ತು; ಹಾವಿನ ವಿಷದ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ಊರಿನವರು ಓದಿದರೆ ಆಕೆಯನ್ನು ನೋಡುವ ರೀತಿಯೇ ಬದಲಾದೀತು. ಆ ಸಾಲು ಹೋಗಲಿ. ಊರು, ದಿನಾಂಕ, ಹಚ್ಚೆಯೂ ಹೋಗಲಿ. ಆದರೆ ವಯಸ್ಸನ್ನೋ ಕಸುಬನ್ನೋ ಸುಳ್ಳಾಗಿ ಬದಲಿಸಬೇಡಿ. ಓದುವ ವೈದ್ಯರು ಅದನ್ನೇ ನಿಜವೆಂದು ನಂಬುತ್ತಾರೆ.

ಗಾದೆ ಇಲ್ಲಿ ಅಕ್ಷರಶಃ ನಿಜ. ಪ್ರಕಟವಾಗುವ ತನಕ ರೋಗಿ ತನ್ನ ಒಪ್ಪಿಗೆಯನ್ನು ಹಿಂಪಡೆಯಬಹುದು. ಅಂತರ್ಜಾಲಕ್ಕೆ ಹೋದ ಮೇಲೆ ಪ್ರತಿಗಳು ಎಲ್ಲೆಲ್ಲೋ ಉಳಿಯುತ್ತವೆ, ಯಾವ ಸಂಪಾದಕರೂ ಎಲ್ಲವನ್ನೂ ಅಳಿಸಲಾರರು. ಇದನ್ನು ಆಕೆಗೆ ಕನ್ನಡದಲ್ಲೇ ತಿಳಿಸಿ. ಫೋಟೋ ತೋರಿಸಿ, ಬರಹದಲ್ಲಿ ಅವರ ಬಗ್ಗೆ ಏನೇನಿದೆಯೆಂದು ಓದಿ ಹೇಳಿ. ಬೇಡವೆಂದರೂ ಚಿಕಿತ್ಸೆಗೆ ತೊಂದರೆಯಿಲ್ಲವೆಂದು ಮೊದಲೇ ಹೇಳಿ. ಸಹಿ ಬಾರದಿದ್ದರೆ ಹೆಬ್ಬೆಟ್ಟು ಸಾಕು, ಜೊತೆಗೆ ನಮ್ಮ ತಂಡಕ್ಕೆ ಸೇರದ ಒಬ್ಬ ಸಾಕ್ಷಿ ಇರಲಿ. ಅಣ್ಣನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ. ಹೆಪಟೈಟಿಸ್ ವಿಷಯ ಆತನಿಗೆ ಗೊತ್ತಿಲ್ಲದಿರಬಹುದು.

ಮುಂದಿನ ತಪಾಸಣೆಗೆ ಕ್ರಿಯಾಟಿನಿನ್ ನೋಡಲು ಆಕೆ ಹೇಗೂ ಬರುತ್ತಾರೆ. ಅಲ್ಲಿಯವರೆಗೆ ಪತ್ರಿಕೆಗೆ ಕಳಿಸುವುದನ್ನು ತಡೆಯಿರಿ. ಆಕೆ ಬೇಡವೆಂದರೆ ಈ ರಿಪೋರ್ಟ್ ಅಚ್ಚಾಗುವುದು ಬೇಡ.