ಅಜ್ಜನ ಮಳೆ ಲೆಕ್ಕ

ಆಲ್ದೂರಿನ ನಮ್ಮ ಮನೆಯಲ್ಲಿ ಕಳೆದ ವಾರ ಅಜ್ಜನ ವೈಕುಂಠ ಸಮಾರಾಧನೆ ನಡೆಯಿತು. ಊಟಕ್ಕೆ ಮುಂಚೆ ನುಡಿನಮನ. ಬಂದ ಹಿರಿಯರು ಅಜ್ಜ ಶ್ರಮಜೀವಿ, ಮೃದು ಸ್ವಭಾವದವರು, ದೊಡ್ಡ ಮನಸ್ಸಿನವರು ಎಂದೆಲ್ಲ ಹೇಳಿದರು. ಮನೆಯವರ ಪರವಾಗಿ ಮಾತಾಡುವ ಸರದಿ ಮೊಮ್ಮಗಳಾದ ನನ್ನದಾಗಿತ್ತು. ಅವರ ಗುಣಗಳನ್ನು ಎಲ್ಲರೂ ಹೇಳಿ ಆಗಿದ್ದರಿಂದ ನಾನು ಅವರ ಅಭ್ಯಾಸಗಳನ್ನಷ್ಟೇ ನೆನೆದೆ. ಅಲ್ಲಿ ಆಡಿದ ಮಾತುಗಳನ್ನೇ ಇಲ್ಲಿ ತುಸು ಬಿಡಿಸಿ ಬರೆಯುತ್ತಿದ್ದೇನೆ.

ಅಜ್ಜ ದಿನಾ ಬೆಳಿಗ್ಗೆ ಎಂಟೂವರೆಗೆ ಮಳೆ ಅಳೆಯುತ್ತಿದ್ದರು. ಕಾಫಿ ಸೀಮೆಯ ಅನೇಕ ಮನೆಗಳಲ್ಲಿ ಈ ರೂಢಿ ಇದೆ. ಕಾಫಿ ಕಣದ ಆಚೆ, ಮರದ ನೆರಳಾಗಲಿ ಮಾಡಿನ ನೀರಾಗಲಿ ತಾಗದ ಬಯಲಲ್ಲಿ ನಮ್ಮ ರೈನ್‌ಗೇಜ್ ಇದೆ. ಮೇಲೊಂದು ಲಾಳಿಕೆ, ಒಳಗೊಂದು ಬಾಟಲಿ, ಪಕ್ಕದಲ್ಲಿ ಗೆರೆ ಹಾಕಿದ ಗಾಜಿನ ಅಳತೆ ಲೋಟ. ಅಜ್ಜ ಮೊದಲು ಲಾಳಿಕೆಯ ಬಾಯಿಗೆ ಎಲೆ ಸಿಕ್ಕಿಕೊಂಡಿದೆಯೇ ಎಂದು ನೋಡುತ್ತಿದ್ದರು. ಎಲೆ ಅಡ್ಡ ಬಂದಿದ್ದರೆ ಆ ದಿನದ ಅಳತೆಯನ್ನು ನಂಬುವಂತಿಲ್ಲ. ಆಮೇಲೆ ನೀರನ್ನು ಲೋಟಕ್ಕೆ ಬಗ್ಗಿಸಿ, ಲೋಟವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ನೀರಿನ ತಗ್ಗು ಯಾವ ಗೆರೆಗೆ ನಿಂತಿದೆ ಎಂದು ಓದಿ ಪುಸ್ತಕಕ್ಕೆ ಬರೆಯುತ್ತಿದ್ದರು. ಲೆಕ್ಕ ಇಂಚು, ಸೆಂಟ್ಸ್‌ನಲ್ಲಿ. ನೂರು ಸೆಂಟ್ಸ್ ಅಂದರೆ ಒಂದಿಂಚು, ಅಂದರೆ 25.4 ಮಿಲಿಮೀಟರ್. ಆಟಿ ತಿಂಗಳ ಜಡಿಮಳೆಯಲ್ಲಿ ಬಾಟಲಿ ತುಂಬಿ ಹೊರಚೆಲ್ಲುವ ಭಯವಿದ್ದಾಗ ರಾತ್ರಿ ಮಲಗುವ ಮುಂಚೆಯೂ ಟಾರ್ಚು ಹಿಡಿದು ಹೋಗಿ ಒಮ್ಮೆ ಅಳೆದು ಚೆಲ್ಲುತ್ತಿದ್ದರು. ಬೆಳಿಗ್ಗೆ ಎರಡನ್ನೂ ಕೂಡಿಸುತ್ತಿದ್ದರು. 2019ರ ಆಗಸ್ಟ್‌ನಲ್ಲಿ ಮೂಡಿಗೆರೆ ಕಡೆ ಮಲೆಮನೆ, ಮಧುಗುಂಡಿಯಲ್ಲಿ ಗುಡ್ಡ ಕುಸಿದ ಆ ದಿನಗಳಲ್ಲೂ ಈ ಕ್ರಮ ತಪ್ಪಲಿಲ್ಲ.

ಆ ಪುಸ್ತಕದಲ್ಲಿ ಎರಡು ಗುರುತುಗಳಿದ್ದವು. ಮಳೆ ಬಾರದ ದಿನಕ್ಕೆ ಸೊನ್ನೆ. ಅಳೆಯದ ದಿನಕ್ಕೆ ಅಡ್ಡಗೆರೆ. ಮದುವೆಗೋ ಆಸ್ಪತ್ರೆಗೋ ಹೋಗಿ ಮನೆಯಲ್ಲಿ ಯಾರೂ ಅಳೆಯದಿದ್ದರೆ, ಪಕ್ಕದ ತೋಟದವರನ್ನು ಕೇಳಿ ತುಂಬಿಸುವುದೂ ಇಲ್ಲ, ಅಂದಾಜಿನಲ್ಲಿ ಬರೆಯುವುದೂ ಇಲ್ಲ. "ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆದಿಟ್ರೆ ಪುಸ್ತಕ ಕೆಡಲ್ಲ ಪುಟ್ಟಿ, ಸುಳ್ಳು ಬರೆದ್ರೆ ಇಡೀ ಪುಸ್ತಕ ಕೆಡುತ್ತೆ" ಎನ್ನುತ್ತಿದ್ದರು. ಅಜ್ಜನ ಬುದ್ಧಿಮಾತುಗಳು ಎಲ್ಲವೂ ಹೀಗೆಯೇ, ಕೈಯಲ್ಲಿ ಯಾವುದಾದರೂ ಕೆಲಸ ಇರುವಾಗ ಆ ಕೆಲಸದ ಬಗ್ಗೆಯೇ ಬರುತ್ತಿದ್ದವು. ಕೂರಿಸಿಕೊಂಡು ಉಪದೇಶ ಮಾಡಿದ್ದು ನೆನಪಿಲ್ಲ.

ಮಳೆ ಲೆಕ್ಕಕ್ಕೆ ನಿಜವಾದ ಬೆಲೆ ಬರುವುದು ಹೂ ಮಳೆಯ ಹೊತ್ತಿಗೆ. ಕಾಫಿ ಗಿಡದ ಮೊಗ್ಗು ಬೇಸಿಗೆಯ ಒಣಹವೆಯಲ್ಲಿ ಬಲಿತು ಕಾಯುತ್ತಿರುತ್ತದೆ. ಸುಮಾರು ಒಂದಿಂಚು ಮಳೆ ಒಟ್ಟಿಗೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಅರಳುತ್ತದೆ. ಅದಕ್ಕಿಂತ ತೀರ ಕಡಿಮೆ ಬಿದ್ದರೆ ಕಷ್ಟ. ಮೊಗ್ಗು ಎಚ್ಚೆತ್ತು ಉಬ್ಬುತ್ತದೆ, ಅರಳಲು ನೀರು ಸಾಲದೆ ಅರ್ಧಕ್ಕೆ ನಿಲ್ಲುತ್ತದೆ. ಮಳೆಯೇ ಬಾರದಿದ್ದರೆ ಇನ್ನೂ ಕಾಯಬಹುದು. ಅರೆಬರೆ ಮಳೆ ಬಂದಮೇಲೆ ಕಾಯುವಂತಿಲ್ಲ. ರೊಬಸ್ಟಾ ತೋಟದಲ್ಲಂತೂ ಮುಂದಿನ ವರ್ಷದ ಫಸಲು ಆ ಒಂದೆರಡು ದಿನಗಳಲ್ಲಿ ಮಾಡುವ ತೀರ್ಮಾನದ ಮೇಲೆ ನಿಂತಿರುತ್ತದೆ.

ಒಂದು ವರ್ಷ ಮಾರ್ಚ್‌ನಲ್ಲಿ ಸಂಜೆ ಗುಡುಗು ಸಿಡಿಲಿನ ಜೊತೆ ಮಳೆ ಬಂತು. ಮಾಡಿನ ಹೆಂಚು ಹಾರಿಹೋಗುವಂಥ ಸದ್ದು. ಆಲ್ದೂರು ಪೇಟೆಯಿಂದ, ಆಚೆ ಊರುಗಳಿಂದ ಫೋನು ಬಂದವು. ಎಲ್ಲರದೂ ಒಂದೇ ಮಾತು, ಹೂ ಮಳೆ ಆಯ್ತು. ಮನೆಯಲ್ಲಿ ಹಬ್ಬದ ಸಂಭ್ರಮ. ಅಜ್ಜ ಏನೂ ಹೇಳಲಿಲ್ಲ. ಬೆಳಿಗ್ಗೆ ಲೋಟ ಹಿಡಿದಾಗ 38 ಸೆಂಟ್ಸ್. ಸದ್ದು ಜೋರಾಗಿತ್ತು, ಮಳೆ ಅರ್ಧ ಇಂಚೂ ಇರಲಿಲ್ಲ. ಅಷ್ಟಕ್ಕೇ ಬಿಡದೆ ಕತ್ತಿ ಹಿಡಿದು ಕೆಳಗಿನ ರೊಬಸ್ಟಾ ಪಟ್ಟೆಗೆ ಹೋದರು. ಗಿಡದ ಬುಡದಲ್ಲಿ ತರಗು ಸರಿಸಿ ನಾಲ್ಕಾರು ಕಡೆ ಮಣ್ಣು ಕೆದಕಿ ನೋಡಿದರು. ಮೇಲಿನ ತರಗು ಒದ್ದೆಯಾಗಿತ್ತು. ಮಣ್ಣು ಎರಡು ಬೆರಳಿನಷ್ಟು ಆಳಕ್ಕೆ ಮಾತ್ರ ನೆನೆದಿತ್ತು, ಅದರಡಿ ಪುಡಿಮಣ್ಣು.

ಅವತ್ತೇ ಕೆರೆಯಿಂದ ಸ್ಪ್ರಿಂಕ್ಲರ್ ಶುರುವಾಯಿತು. ಎಷ್ಟು ಹೊತ್ತು ಬಿಡಬೇಕು ಎಂಬುದಕ್ಕೂ ಅಜ್ಜನ ಬಳಿ ಅಳತೆ ಇತ್ತು. ನೇರ ಗೋಡೆಯ ಖಾಲಿ ಡಬ್ಬಿಗಳನ್ನು ಸಾಲುಗಳ ನಡುವೆ, ಜೆಟ್ಟಿನ ಹತ್ತಿರ ಕೆಲವು, ದೂರ ಕೆಲವು, ಇಡಿಸಿದರು. ಡಬ್ಬಿಯ ಗೋಡೆ ನೇರವಾಗಿದ್ದರೆ ಒಳಗೆ ನಿಂತ ನೀರಿನ ಎತ್ತರವೇ ಮಳೆಯ ಅಳತೆ, ಬೇರೆ ಲೆಕ್ಕ ಬೇಡ. ದೂರದ ಡಬ್ಬಿಗಳಲ್ಲೂ ಒಂದಿಂಚು ನಿಲ್ಲುವವರೆಗೆ ಪೈಪು ಕದಲಿಸಬಾರದು ಎಂದರು. ಮೊದಲೇ ಬಂದ 38 ಸೆಂಟ್ಸ್ ಕಳೆದು ಉಳಿದದ್ದನ್ನು ಕೊಟ್ಟರೆ ಸಾಲದೇ ಎಂದು ಅಪ್ಪ ಕೇಳಿದರು. "ಅದರಲ್ಲಿ ತರಗು ಕುಡಿದದ್ದೆಷ್ಟು, ಬಿಸಿಲು ಕುಡಿದದ್ದೆಷ್ಟು ಅಂತ ಹೇಳಕ್ಕಾಗಲ್ಲ. ಪೂರ್ತಿ ಒಂದಿಂಚು ಕೊಟ್ಬಿಡು" ಎಂದರು ಅಜ್ಜ. ಎಂಟೊಂಬತ್ತು ದಿನಕ್ಕೆ ರೊಬಸ್ಟಾ ಪಟ್ಟೆ ಒಂದೇ ಸಮ ಬೆಳ್ಳಗೆ ಅರಳಿತು.

ಆ ಸಂಜೆ ಫೋನು ಮಾಡಿದವರು ಸುಳ್ಳು ಹೇಳಿರಲಿಲ್ಲ. ಅವರ ತೋಟಗಳಲ್ಲಿ ಒಂದಿಂಚು ಬಿದ್ದಿದ್ದರೂ ಬಿದ್ದಿರಬಹುದು. ಬೇಸಿಗೆಯ ಮಳೆ ಒಂದು ಗುಡ್ಡದ ಈ ಮಗ್ಗುಲಿಗೆ ಸುರಿದು ಆ ಮಗ್ಗುಲನ್ನು ಬಿಟ್ಟುಹೋಗುವುದು ನಮ್ಮ ಕಡೆ ಮಾಮೂಲು. ಅಜ್ಜ ಅದಕ್ಕೇ ಯಾರ ಮಾತನ್ನೂ ತೆಗೆದುಹಾಕುತ್ತಿರಲಿಲ್ಲ. ನಮ್ಮಲ್ಲಿ ಎಷ್ಟು ಎಂದು ನೋಡಿಕೊಂಡು ಬರುತ್ತಿದ್ದರು. ಯಾರಾದರೂ ಏನಾದರೂ ಖಂಡಿತವಾಗಿ ಹೇಳಿದರೆ ಅವರ ಬಾಯಲ್ಲಿ ಬರುತ್ತಿದ್ದುದು ಒಂದೇ ಮಾತು, "ಹೌದಾ? ಒಂದ್ಸಲ ನೋಡ್ಕಂಡು ಬಾ." ಅದರಲ್ಲಿ ಕೊಂಕು ಇರಲಿಲ್ಲ. ನೋಡಿಕೊಂಡು ಬಂದವರು ಹೇಳಿದ್ದನ್ನು ಎಷ್ಟು ಚಿಕ್ಕವರಾದರೂ ಒಪ್ಪುತ್ತಿದ್ದರು.

ಬೋರ್ಡೋ ದ್ರಾವಣ ಮಾಡುವಾಗಲೂ ಹೀಗೆಯೇ. ಎಲೆ ತುಕ್ಕು ರೋಗ ಬಾರದಂತೆ ಮುಂಗಾರಿಗೆ ಮುಂಚೆ ಅರೇಬಿಕಾ ಗಿಡಗಳಿಗೆ ಹೊಡೆಯುವ ಔಷಧ ಅದು. ಇನ್ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತ ಹಾಕಿದರೆ ಅರ್ಧ ಪರ್ಸೆಂಟ್ ದ್ರಾವಣ. ಸುಣ್ಣ ಎಷ್ಟು ಬೇಕು ಎಂಬುದು ಮಾತ್ರ ಸುಣ್ಣದ ಗುಣದ ಮೇಲೆ ಹೋಗುತ್ತದೆ. ಒಳ್ಳೆಯ ಸುಣ್ಣವಾದರೆ ಅರ್ಧ ಕೆ.ಜಿ. ಸಾಕು, ಹಳಸಿದ ಸುಣ್ಣವಾದರೆ ಸಾಲದು. ಮೈಲುತುತ್ತ, ಸುಣ್ಣ ಎರಡನ್ನೂ ಬೇರೆ ಬೇರೆ ಕರಗಿಸಿ, ಸುಣ್ಣದ ನೀರಿಗೆ ಮೈಲುತುತ್ತದ ನೀರನ್ನು ಬಗ್ಗಿಸುತ್ತಾ ಕದಡಬೇಕು. ಆಕಾಶದ ನೀಲಿ ಬಣ್ಣ ಬಂತೆಂದರೆ ಆಳುಗಳು ಪಂಪು ಎತ್ತಲು ತಯಾರು. ಅಜ್ಜ ತಡೆದು, ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಚಾಕುವನ್ನು ಡ್ರಮ್ಮಿನಲ್ಲಿ ಅದ್ದಿ ಒಂದು ನಿಮಿಷ ಹಿಡಿಯುತ್ತಿದ್ದರು. ತೆಗೆದಾಗ ಅಲಗಿನ ಮೇಲೆ ಕೆಂಪು ಕಟ್ಟಿದ್ದರೆ ಸುಣ್ಣ ಸಾಲದು, ತಾಮ್ರ ಬಿಡಿಯಾಗಿ ಉಳಿದಿದೆ ಎಂದರ್ಥ. ಹಾಗೇ ಹೊಡೆದರೆ ಎಲೆ ಸುಡುತ್ತದೆ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಚಾಕು ಉಜ್ಜಿ, ಮತ್ತೆ ಅದ್ದುತ್ತಿದ್ದರು. ಅಲಗು ಬಿಳುಪಾಗಿಯೇ ಬಂದಮೇಲೆ "ಈಗ ಹೊಡೀರಿ" ಎನ್ನುತ್ತಿದ್ದರು. ಬಣ್ಣ ಸರಿಯಾಗಿದೆಯಲ್ಲ ಎಂದು ಕೇಳಿದರೆ, "ಬಣ್ಣ ನಮ್ಮ ಕಣ್ಣಿಗೆ, ಚಾಕು ಗಿಡಕ್ಕೆ" ಎಂದು ನಗುತ್ತಿದ್ದರು.

ಇನ್ನೊಂದು ಅಭ್ಯಾಸವನ್ನು ಹೇಳದೆ ಬಿಡಲಾರೆ. ಕಾಫಿ ಕುಯ್ಲಿನ ಕಾಲದಲ್ಲಿ ಕೆಲಸದವರಿಗೆ ಕೂಲಿ ಸಿಗುವುದು ಕುಯ್ದ ಹಣ್ಣಿನ ಕೆ.ಜಿ. ಲೆಕ್ಕದಲ್ಲಿ. ಸಂಜೆ ಚೀಲಗಳನ್ನು ತೂಗುವಾಗ ತಕ್ಕಡಿಯ ಮುಳ್ಳು ತುಸು ಹಿಂದೆ ನಿಂತರೂ ದಿನವಿಡೀ ಜಾರು ದಿಣ್ಣೆಯಲ್ಲಿ ನಿಂತು ಕುಯ್ದವರ ಕೂಲಿ ಹೋಗುತ್ತದೆ. ಅಜ್ಜ ಕುಯ್ಲು ಶುರುವಾಗುವ ದಿನ ಎಲ್ಲರನ್ನೂ ಕರೆದು, ಬಾಯಿ ಬಿಚ್ಚದ 50 ಕೆ.ಜಿ. ಪೊಟ್ಯಾಷ್ ಚೀಲವನ್ನು ಅವರೆದುರಿಗೇ ತಕ್ಕಡಿಗೆ ತೂಗುಹಾಕಿಸುತ್ತಿದ್ದರು. ಖಾಲಿ ಚೀಲದ ತೂಕವೂ ಸೇರುವುದರಿಂದ ಮುಳ್ಳು ಐವತ್ತರಿಂದ ಕೂದಲೆಳೆ ಮುಂದೆ ನಿಲ್ಲಬೇಕು, ಹಿಂದೆ ನಿಲ್ಲಬಾರದು. ಹಿಂದೆ ನಿಂತರೆ ಆ ತಕ್ಕಡಿ ರಿಪೇರಿಗೆ. ಕುಯ್ಲಿನ ನಡುವೆ ಯಾರಿಗಾದರೂ ಅನುಮಾನ ಬಂದರೆ ಅದೇ ಚೀಲವನ್ನು ಅವರೇ ತಂದು ನೇತುಹಾಕಿ ನೋಡಬಹುದಿತ್ತು. "ಅವರು ನಮ್ಮನ್ನ ನಂಬ್ಲಿ ಅಂತ ಕೇಳ್ಬಾರ್ದು. ಅಳೆದು ನೋಡಕ್ಕೆ ಅವಕಾಶ ಕೊಡ್ಬೇಕು" ಎಂದು ಅಪ್ಪನಿಗೆ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ. ಅವರು ಕೊಟ್ಟ ಬುದ್ಧಿಮಾತುಗಳಲ್ಲೆಲ್ಲ ನನಗೆ ಇದೇ ದೊಡ್ಡದು. ಮೃದು ಸ್ವಭಾವದವರು ಎಂದು ಅಜ್ಜನನ್ನು ಎಲ್ಲರೂ ಹೊಗಳುತ್ತಾರೆ. ಆ ಮೃದುತ್ವದ ಹಿಂದೆ ಈ ಕಟ್ಟುನಿಟ್ಟು ಇತ್ತು. ಅಳೆದು ನೋಡಿದವರಿಗೆ ದನಿ ಎತ್ತಿ ಮಾತಾಡುವ ಅಗತ್ಯ ಬೀಳುವುದಿಲ್ಲ.

ಈಗ ಆ ಮಳೆ ಪುಸ್ತಕಗಳು ನಮ್ಮ ಮನೆಯ ಬೀರುವಿನಲ್ಲಿವೆ. ಹಳೆಯವುಗಳಲ್ಲಿ ಲೆಕ್ಕ ಸೆಂಟ್ಸ್‌ನಲ್ಲಿದೆ. ಈಚೆಗೆ ಕಣ್ಣು ಮಂಜಾಗಿ ಅಪ್ಪನ ಕೈಗೆ ಕೊಟ್ಟಮೇಲಿನದು ಮಿಲಿಮೀಟರಿನಲ್ಲಿದೆ. ಹಳೆಯ ಪುಟದ 70 ಎಂದರೆ ಮುಕ್ಕಾಲು ಇಂಚಿಗೂ ಕಡಿಮೆ ಮಳೆ, ಹೊಸ ಪುಟದ 70 ಎಂದರೆ ಎರಡೂಮುಕ್ಕಾಲು ಇಂಚು. ಗೊತ್ತಿಲ್ಲದವರು ಎರಡನ್ನೂ ಒಂದೇ ಎಂದು ಓದಿದರೆ ಇಷ್ಟು ವರ್ಷದ ದುಡಿಮೆ ಒಂದೇ ಏಟಿಗೆ ಹಾಳು. ಅದಕ್ಕೇ ಪ್ರತಿ ಪುಸ್ತಕದ ಮೊದಲ ಪುಟದಲ್ಲಿ ನಾಲ್ಕು ಸಂಗತಿ ಬರೆದಿಟ್ಟೆವು. ರೈನ್‌ಗೇಜ್ ಎಲ್ಲಿತ್ತು, ಎಷ್ಟು ಗಂಟೆಗೆ ಅಳೆಯುತ್ತಿದ್ದರು, ಯಾವ ಮಾನದಲ್ಲಿ, ಸೊನ್ನೆಗೂ ಅಡ್ಡಗೆರೆಗೂ ಏನು ವ್ಯತ್ಯಾಸ.

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಎಷ್ಟೋ ಮನೆಗಳಲ್ಲಿ ಇಂಥ ಪುಸ್ತಕಗಳಿವೆ. ಬರೆದವರು ಹೋದಮೇಲೆ ಮನೆ ಚೊಕ್ಕಟ ಮಾಡುವಾಗ ಅವು ರದ್ದಿಗೆ ಹೋಗುತ್ತವೆ. ಹಾಗೆ ಹೋಗಲು ಬಿಡಬೇಡಿ. ನಿಮ್ಮ ಮನೆಯ ಹಿರಿಯರು ಇನ್ನೂ ಇದ್ದರೆ ಆ ನಾಲ್ಕು ಸಂಗತಿಗಳನ್ನು ಇವತ್ತೇ ಅವರನ್ನೇ ಕೇಳಿ, ಮೊದಲ ಪುಟದಲ್ಲಿ ಅವರ ಕೈಯಿಂದಲೇ ಬರೆಸಿಡಿ.