ಸೊಂಡಿ ಎಷ್ಟುದ್ದ ಐತಿ?

ಹಿಡಕಲ್ ಕಾಲುವೆಗೆ ಬಿದ್ದ ನನ್ನ ಮೊಬೈಲ್ ಮರಳಿ ಸಿಕ್ಕಿತು, ಆದರೆ ಅದರೊಳಗಿನ ಫೋಟೋಗಳು ಸಿಗಲಿಲ್ಲ. ಹೋದವುಗಳಲ್ಲಿ ಎರಡು, ಹುಕ್ಕೇರಿಯ ಸೋದರಮಾವನ ಮನೆಯ ಸಂದೂಕಿನಲ್ಲಿ ಅಜ್ಜಿಯ ಗಂಟಿನಿಂದ ಹೊರಬಂದ ಎರಡು ಬೆಳ್ಳಿ ರೂಪಾಯಿಗಳವು. ಒಂದರ ಮೇಲೆ 1911 ಎಂಬ ಇಸವಿ ಇತ್ತು ಎಂಬುದು ನನಗೆ ಚೆನ್ನಾಗಿ ನೆನಪಿತ್ತು. ಆ ಇಸವಿಯ ರೂಪಾಯಿಗೆ ಬೆಲೆ ಹೆಚ್ಚು ಎಂದು ಎಲ್ಲೋ ಕೇಳಿದ್ದೆ. ಮಾವನಿಗೂ ಹೇಳಿ ಆಸೆ ಹುಟ್ಟಿಸಿಬಿಟ್ಟಿದ್ದೆ.

ಬೆಳಗಾವಿಯಲ್ಲಿ ನನಗೆ ಪರಿಚಯದ ಹಿರಿಯ ನಾಣ್ಯ ಸಂಗ್ರಾಹಕರೊಬ್ಬರಿದ್ದಾರೆ. ಫೋಟೋ ಹೋಯಿತು, ಮಾವನ ಬಳಿ ಇರುವುದು ಗುಂಡಿಯೊತ್ತುವ ಸಾದಾ ಫೋನು, ನಾನಿರುವುದು ದೂರದ ಊರಿನಲ್ಲಿ ಎಂದೆ. "ಛಲೋ ಆತು. ಮಾವ್ನೋರಿಗೆ ಕಣ್ಣ ಅದಾವಲ್ಲ? ಫೋನ್ ಹಚ್ಚಿಕೊಡ್ರಿ" ಎಂದರು. ಮೂವರೂ ಒಂದೇ ಕರೆಯಲ್ಲಿ ಕೂಡಿದೆವು.

ಮಾವ ಶುರು ಮಾಡಿದ್ದು ಎಲ್ಲರೂ ಶುರು ಮಾಡುವ ಹಾಗೆಯೇ. "ಭಾಳ ಹಳೇದ್ರಿ ಸಾಹೇಬ್ರ, ಬೆಳ್ಳೀದು, ರಾಜಾನ ಮಾರಿ ಐತಿ." ಆ ಕಡೆಯಿಂದ ಉತ್ತರ ಬಂತು: "ಹಳೇದು ಅನ್ನೂದನ್ನ ನಾ ಹೇಳತೀನ್ರಿ. ಬೆಳ್ಳೀನೋ ಅಲ್ಲೋ ಅನ್ನೂದನ್ನ ತಕ್ಕಡಿ ಹೇಳತೈತಿ. ನೀವು ಬರೇ ಕಂಡದ್ದನ್ನಷ್ಟ ಹೇಳ್ರಿ." ಇನ್ನೊಂದು ಮಾತು ಸೇರಿಸಿದರು. ನೀರು, ಹುಣಸೆಹಣ್ಣು, ಬೂದಿ ಯಾವುದೂ ತಾಗಿಸಬೇಡಿ. ಮಾವನ ಕೈ ಆಗಲೇ ಹುಣಸೆಹಣ್ಣಿನ ಡಬ್ಬಿಯ ಕಡೆ ಹೋಗಿತ್ತು ಎಂದು ಅತ್ತೆ ಆಮೇಲೆ ಹೇಳಿ ನಕ್ಕರು. ಕಪ್ಪು ತಿಕ್ಕಿ ತೆಗೆದರೆ ನಾಣ್ಯ ಥಳಥಳ ಅನ್ನುತ್ತದೆ, ಸಂಗ್ರಾಹಕನ ಕಣ್ಣಿಗೆ ಮಾತ್ರ ಅದು ಚರ್ಮ ಸುಲಿದಂತೆ. ಹಾಗೆ ತಿಕ್ಕಿದ ಗೀರುಗಳು ಮತ್ತೆ ಮಾಯುವುದಿಲ್ಲ.

1911 ಎಂದಿದ್ದ ನಾಣ್ಯದ ಬಗ್ಗೆ ಮೊದಲ ಪ್ರಶ್ನೆ ಅಂಚಿನದು. ಫೋಟೋದಲ್ಲಿ ಯಾರೂ ಅಂಚನ್ನು ತೆಗೆಯುವುದಿಲ್ಲ, ನಾನೂ ತೆಗೆದಿರಲಿಲ್ಲ. ಮಾವ ಬೆರಳಾಡಿಸಿ, ಸುತ್ತಲೂ ಹಲ್ಲುಗಳಿವೆ ಎಂದರು. ನಮ್ಮ ಕಡೆಯ ಹಿರಿಯರು ಇದನ್ನೇ ಕಲ್ದಾರ ರೂಪಾಯಿ ಎನ್ನುತ್ತಿದ್ದರು. ಕಲ್ ಎಂದರೆ ಯಂತ್ರ, ಯಂತ್ರದಲ್ಲಿ ಅಚ್ಚಾದದ್ದು ಎಂದರ್ಥ. ಆ ಹಲ್ಲುಗಳು ಎಲ್ಲಾದರೂ ಒಂದು ಕಡೆ ಮುಚ್ಚಿವೆಯೇ, ಅಲ್ಲಿ ಬೆಸುಗೆಯ ಗುಡ್ಡೆ ಇದೆಯೇ ಎಂದು ಸಂಗ್ರಾಹಕರು ಕೇಳಿದರು. ಗಡಿಯಾರದ ಮುಖ ಅಂದುಕೊಂಡು, ರಾಜನ ಕಿರೀಟ 12ರ ಕಡೆ ಬರುವಂತೆ ಹಿಡಿದು ಹೇಳಿ ಎಂದರು. ನಮ್ಮ ಹೆಣ್ಣುಮಕ್ಕಳು ರೂಪಾಯಿಗೆ ಕೊಂಡಿ ಬೆಸೆದು ಸರಕ್ಕೆ ಪೋಣಿಸುತ್ತಿದ್ದರು. ಕೊಂಡಿ ಕಿತ್ತರೂ ಕಲೆ ಉಳಿಯುತ್ತದೆ, ಆ ಕಲೆ ಬೆಲೆಯನ್ನು ಅರ್ಧಕ್ಕಿಂತ ಕೆಳಗೆ ಇಳಿಸಬಲ್ಲದು. ಮಾವ ಸುತ್ತ ತಿರುಗಿಸಿ ನೋಡಿ ಎಲ್ಲೂ ಇಲ್ಲ ಎಂದರು. ಅಂಚಿನ ನಡುವೆ ಉದ್ದಕ್ಕೂ ಸಣ್ಣ ಗೆರೆ ಓಡಿದೆಯೇ ಎಂಬುದು ಮುಂದಿನ ಪ್ರಶ್ನೆ. ಗೆರೆ ಇದ್ದರೆ ಅದು ಎರಕ ಹೊಯ್ದ ನಕಲಿಯ ಎರಡು ಅಚ್ಚುಗಳು ಕೂಡಿದ ಜಾಗ. ಅದೂ ಇರಲಿಲ್ಲ.

ಆಮೇಲೆ ಮಾವ ಪೇಟೆಯ ಪತ್ತಾರರ ಅಂಗಡಿಗೆ ಹೋದರು. ಹಿಂದೆ ಈ ರೂಪಾಯಿಯೇ ಪತ್ತಾರರಿಗೆ ತೊಲೆಯ ಕಲ್ಲಾಗಿತ್ತು. ಹೊಸ ರೂಪಾಯಿಯ ತೂಕ 11.66 ಗ್ರಾಂ, ಒಂದು ತೊಲೆಯದೂ ಅಷ್ಟೇ. ಮಾವನದು 11.55 ತೂಗಿತು. ನೂರು ವರ್ಷ ಕೈಯಿಂದ ಕೈಗೆ ಹೋದದ್ದಕ್ಕೆ ಅಷ್ಟು ಸವೆತ ನ್ಯಾಯವೇ. ತೂಕ ಸರಿ ಬಂದ ಮಾತ್ರಕ್ಕೆ ಲೋಹ ಸರಿ ಎನ್ನಲು ಬರುವುದಿಲ್ಲವಾದ್ದರಿಂದ ಸಂಗ್ರಾಹಕರು ನೀರಿನ ಲೆಕ್ಕ ಹಾಕಿಸಿದರು. ತೂಕದ ಯಂತ್ರದ ಮೇಲೆ ನೀರಿನ ಲೋಟ ಇಟ್ಟು ಸೊನ್ನೆ ಮಾಡುವುದು. ನಾಣ್ಯವನ್ನು ದಾರಕ್ಕೆ ಕಟ್ಟಿ, ತಳಕ್ಕೂ ಬದಿಗೂ ತಾಗದಂತೆ ಪೂರ್ತಿ ಮುಳುಗಿಸಿ ತೂಗು ಹಿಡಿಯುವುದು. ಆಗ ಯಂತ್ರ ತೋರಿಸುವ ಅಂಕಿ, ನಾಣ್ಯ ಬದಿಗೆ ತಳ್ಳಿದ ನೀರಿನ ತೂಕ. ಬಂದದ್ದು 1.12. ಹನ್ನೊಂದೂವರೆ ಚಿಲ್ಲರೆಯನ್ನು ಅದರಿಂದ ಭಾಗಿಸಿದರೆ 10.3. ನೂರಕ್ಕೆ 91.7 ಪಾಲು ಬೆಳ್ಳಿ, ಉಳಿದದ್ದು ತಾಮ್ರ ಇರುವ ಆ ಕಾಲದ ರೂಪಾಯಿಗೆ ಬರಬೇಕಾದ ಅಂಕಿಯೇ ಇದು. ಎರಡನೆಯ ಮಹಾಯುದ್ಧದ ಕಾಲದ ಅರ್ಧ ಬೆಳ್ಳಿಯ ರೂಪಾಯಿಯಾಗಿದ್ದರೆ ಒಂಬತ್ತೂವರೆಯ ಆಸುಪಾಸು ನಿಲ್ಲುತ್ತಿತ್ತು. ಜರ್ಮನ್ ಸಿಲ್ವರ್ ಆಗಿದ್ದರೆ ಇನ್ನೂ ಕೆಳಗೆ. (ನೀರು ತಾಗಿಸಬೇಡಿ ಎಂದವರೇ ಮುಳುಗಿಸಿದರಲ್ಲ ಎಂದು ಮಾವ ಕೇಳಿದರಂತೆ. ಮುಳುಗಿಸಬಹುದು, ತಿಕ್ಕಬಾರದು ಎಂಬ ಉತ್ತರ ಸಿಕ್ಕಿತು. ಒಣಗಿಸುವಾಗಲೂ ಬಟ್ಟೆಯನ್ನು ಮೇಲೆ ಒತ್ತಬೇಕು, ಎಳೆಯಬಾರದು.)

ಇನ್ನು ಇಸವಿ. ನಾನು ಎದೆಯುಬ್ಬಿಸಿ 1911 ಎಂದೆ. ಮಾವನೂ ಹೌದೆಂದರು. ಆ ಕಡೆ ಒಂದು ಗಳಿಗೆ ಸದ್ದಿಲ್ಲ. ಆಮೇಲೆ, "ರಾಜಾನ ಎದಿ ಮ್ಯಾಲಿನ ಸರದಾಗ ಒಂದು ಸಣ್ಣ ಆನಿ ಐತಿ ನೋಡ್ರಿ. ಅದರ ಸೊಂಡಿ ಎಷ್ಟುದ್ದ ಐತಿ?"

ಈ ಆನೆಗೊಂದು ಕಥೆಯಿದೆ. ಐದನೇ ಜಾರ್ಜ್ ಪಟ್ಟಕ್ಕೆ ಬಂದ ಮೇಲೆ, 1911ರಲ್ಲಿ ಅವನ ಮುಖದ ರೂಪಾಯಿ ಹೊರಬಂತು. ನಿಲುವಂಗಿಯ ಮೇಲಿನ ಪದಕದ ಸರದಲ್ಲಿ ಕೆತ್ತಿದ ಆನೆಯ ಸೊಂಡಿಲು ಗಿಡ್ಡವಾಗಿ, ಕಾಲು ಮೋಟಾಗಿ, ನೋಡಿದವರಿಗೆ ಹಂದಿಯಂತೆ ಕಂಡಿತು. ಮುಸ್ಲಿಮರಿಗೆ ಇದು ನೋವಾಯಿತು, ಗಲಾಟೆ ಎದ್ದಿತು. ಸುಮಾರು 94 ಲಕ್ಷ ಅಚ್ಚಾಗಿದ್ದರಲ್ಲಿ ಜನರ ಕೈಗೆ ಹೋದದ್ದು 7 ಲಕ್ಷದಷ್ಟು. ಉಳಿದವನ್ನು ಸರಕಾರ ಕರಗಿಸಿತು. 1912ರಿಂದ ಸೊಂಡಿಲು ಉದ್ದವಾಯಿತು, ಕಿವಿ ದೊಡ್ಡದಾಯಿತು, ಆನೆ ಆನೆಯಾಯಿತು. ಸಂಗ್ರಾಹಕರ ಬಾಯಲ್ಲಿ 1911ರದು ಇಂದಿಗೂ "ಹಂದಿ ರೂಪಾಯಿ". ಹೀಗಾಗಿ ಇಸವಿಗೂ ಆನೆಗೂ ಸಾಕ್ಷಿ ಕೂಡಬೇಕು. 1911 ಎಂದಿದ್ದರೆ ಹಂದಿಯೇ ಇರಬೇಕು.

ಮೊಮ್ಮಗನ ಶಾಲೆಯ ಭೂತಗನ್ನಡಿ ಬಂತು. ಮಾವನಿಗೆ ಮೊದಲು ಏನೂ ಕಾಣಲಿಲ್ಲ. ಸಂಗ್ರಾಹಕರು ದೀಪ ಆರಿಸಿ, ಟಾರ್ಚನ್ನು ಮೇಜಿನ ಮಟ್ಟಕ್ಕೆ ಮಲಗಿಸಿ ಬದಿಯಿಂದ ಬೆಳಕು ಬಿಡಲು ಹೇಳಿದರು. ಮೇಲಿನಿಂದ ಬೀಳುವ ಬೆಳಕಿನಲ್ಲಿ ಸವೆದ ಬೆಳ್ಳಿ ಬರೀ ಹೊಳೆಯುತ್ತದೆ. ಅಡ್ಡ ಬೆಳಕಿನಲ್ಲಿ ಎದ್ದದ್ದಕ್ಕೆ ನೆರಳು ಬೀಳುತ್ತದೆ, ಕುಳಿಯೊಳಗೆ ಕತ್ತಲೆ ನಿಲ್ಲುತ್ತದೆ. ಮಾವನ ದನಿ ಬದಲಾಯಿತು. "ಬಂತ್ರಿ! ಆನಿನ ಐತ್ರಿ, ಸೊಂಡಿ ಕೆಳಗಿಳದೈತಿ, ಕಿವೀನೂ ಐತಿ. ಛಲೋ ಆನಿ."

ಮಾವ ಖುಷಿಯಾಗಿದ್ದರು. ನನಗೆ ಎದೆ ಝಲ್ಲೆಂದಿತು.

"ಹಂಗಾರ ಇಸವಿ ಇನ್ನೊಮ್ಮೆ ನೋಡೂಣ್ರಿ. ಕೊನೀ ಒಂದು, ಅದರ ಹಿಂದಿನ ಒಂದರ ಗತೆ ನೆಟ್ಟಗ ನಿಂತೈತೋ, ವಾಲೈತೋ?" ಟಾರ್ಚು ತಿರುಗಿತು. ವಾಲಿದೆ ಎಂದರು ಮಾವ. ಅದರ ಪಕ್ಕದ ಬಯಲು ಉಳಿದ ಕಡೆಗಿಂತ ತಗ್ಗಿದೆಯೇ, ಒಂದೇ ದಿಕ್ಕಿಗೆ ಸಣ್ಣ ಗೀರುಗಳಿವೆಯೇ? ಇವೆ. ಅಲ್ಲಿಗೆ ಮುಗಿಯಿತು. ಅದು 1917ರ ರೂಪಾಯಿ. ಯಾರೋ ಯಾವಾಗಲೋ 7ರ ಅಡ್ಡ ತಲೆಯನ್ನು ಅರದಿಂದ ತೀಡಿ ಒಂದು ಮಾಡಿದ್ದಾರೆ. ವಾಲಿದ ಕಾಲನ್ನು ನೆಟ್ಟಗೆ ಮಾಡಲು ಅವರಿಂದಾಗಿಲ್ಲ, ಆನೆಯ ಸೊಂಡಿಲನ್ನು ಗಿಡ್ಡ ಮಾಡುವುದು ಹೊಳೆದೂ ಇಲ್ಲ. ಇಸವಿಯ ಕೆಳಗೆ, ಅಂಚಿನ ಬಳಿಯ ತಾವರೆಯ ಕೆಳಗೆ ಉಬ್ಬಿದ ಚುಕ್ಕೆ ಇದೆಯೇ ಎಂದೂ ಕೇಳಿದರು. ಇದ್ದರೆ ಮುಂಬಯಿ ಟಂಕಸಾಲೆ, ಇಲ್ಲದಿದ್ದರೆ ಕಲಕತ್ತೆ. ಚುಕ್ಕೆ ಇತ್ತು. ಆದರೆ ತೀಡಿದ ಮೇಲೆ ಅದಕ್ಕೆ ಉಳಿದದ್ದು ಹೆಚ್ಚುಕಡಿಮೆ ಬೆಳ್ಳಿಯ ಬೆಲೆಯೇ.

ನನ್ನ ಕಳೆದುಹೋದ ಫೋಟೋ ಇದ್ದಿದ್ದರೆ ನಾನು ಅದನ್ನೇ ನಂಬಿ ಕೂತಿರುತ್ತಿದ್ದೆ. ಅದರಲ್ಲಿ 1911 ಎಂದು ಸೊಗಸಾಗಿ ಕಾಣುತ್ತಿತ್ತು. ಫ್ಲ್ಯಾಷ್ ಹಾಕಿ ತೆಗೆದಿದ್ದೆ.

ಎರಡನೆಯ ನಾಣ್ಯಕ್ಕೆ ಬರುವ ಮೊದಲು ಸಂಗ್ರಾಹಕರು ಬೇರೆಯದೇ ಪ್ರಶ್ನೆ ಕೇಳಿದರು: ಇವು ಮನೆಯವೋ, ನೆಲದಲ್ಲಿ ಸಿಕ್ಕವೋ? ಹತ್ತು ರೂಪಾಯಿಗಿಂತ ಹೆಚ್ಚಿನ ಬೆಲೆಯ ನಿಧಿ ನೆಲದಲ್ಲಿ ಸಿಕ್ಕರೆ 1878ರ ಕಾಯ್ದೆಯ ಪ್ರಕಾರ ಮೊದಲು ತಿಳಿಸಬೇಕಾದದ್ದು ಜಿಲ್ಲೆಯ ಕಲೆಕ್ಟರಿಗೆ, ನಾಣ್ಯದ ಕಲೆಕ್ಟರಿಗಲ್ಲ ಎಂದು ನಕ್ಕರು. ಅಜ್ಜಿಯ ಗಂಟಿನವು ಎಂದ ಮೇಲೆ ಮುಂದುವರಿದರು.

ಎರಡನೆಯದು ಕಲ್ದಾರ ಅಲ್ಲ. ಅಂಚಿಗೆ ಹಲ್ಲಿಲ್ಲ, ದಪ್ಪ, ದುಂಡಗೂ ಇಲ್ಲ. ಮೊಮ್ಮಗನ ಎರಡು ಮೂಲೆಮಟ್ಟಗಳ ನಡುವೆ ಹಿಡಿದು ಅಳೆದರೆ ಒಂದು ಕಡೆ 21 ಮಿ.ಮೀ., ಇನ್ನೊಂದು ಕಡೆ 23. ತೂಕ 11.2 ಗ್ರಾಂ. ಎರಡೂ ಮೈಯಲ್ಲಿ ಫಾರ್ಸಿ ಬರಹ, ಎಲ್ಲ ಸಾಲುಗಳೂ ಅಂಚಿನಲ್ಲಿ ಕಡಿದುಹೋಗಿವೆ. ಸುತ್ತಿಗೆಯಿಂದ ಬಡಿದು ಅಚ್ಚೊತ್ತುವ ಕಾಲದಲ್ಲಿ ಅಚ್ಚು ದೊಡ್ಡದು, ಬೆಳ್ಳಿಯ ಬಿಲ್ಲೆ ಚಿಕ್ಕದು. ಊರಿನ ಹೆಸರು ಅನೇಕ ಸಲ ಬಿಲ್ಲೆಯ ಹೊರಗೇ ಉಳಿದುಬಿಡುತ್ತಿತ್ತು. ಬದಿಯಲ್ಲಿ ಮೂರು ಸಣ್ಣ ಗುದ್ದುಗಳಿವೆ ಎಂದು ಮಾವ ಹೇಳಿದಾಗ, ಅವು ಬೆಳ್ಳಿ ಪರೀಕ್ಷಿಸಿದ ಸರಾಫರ ಗುರುತು, ಪೆಟ್ಟಲ್ಲ ಎಂದು ತಿಳಿಯಿತು.

ಫಾರ್ಸಿ ಬಾರದವರು ಫಾರ್ಸಿಯನ್ನು ಹೇಗೆ ಹೇಳಬೇಕು? ಅಕ್ಷರ ಎಂದು ನೋಡಬೇಡಿ, ಚಿತ್ರ ಎಂದು ನೋಡಿ ಎಂದರು ಸಂಗ್ರಾಹಕರು. ಮಾವ ಹೊಲದ ಮನುಷ್ಯ, ಅವರ ಉಪಮೆಗಳೂ ಹೊಲದವೇ. "ಕೆಳಗಿನ ಸಾಲಿನಾಗ ಒಂದು ಕುಡಗೋಲ ಐತ್ರಿ. ಅದರ ಬಾಜೂಕ ಒಂದು ನೆಟ್ಟಗಿನ ಗೂಟ. ಮ್ಯಾಲ ಎರಡು ವಾರಿ ಗೆರಿ, ಕೊಡ್ಲಿ ಕಾವು ಒರಗಿಸಿದಂಗ." ಆ ಕಡೆಯವರು ಉಸಿರು ಬಿಗಿಹಿಡಿದಂತಿತ್ತು. ಹದಿನೆಂಟನೇ ಶತಮಾನದಲ್ಲಿ ದಿಲ್ಲಿಯ ಮುಹಮ್ಮದ್ ಶಾಹನ ಹೆಸರಿನಲ್ಲಿ ಹೊರಟ ರೂಪಾಯಿಗಳಲ್ಲಿ "ಅಜಂನಗರ ಗೋಕಾಕ" ಎಂಬ ಟಂಕಸಾಲೆಯ ಹೆಸರಿನವೂ ಇವೆ. ಅಜಂನಗರ ಎಂದರೆ ಮೊಗಲರ ಕಾಲದ ಬೆಳಗಾವಿ. ಗೋಕಾಕ ನಮ್ಮ ನೆರೆಯ ತಾಲೂಕು. ಫಾರ್ಸಿಯಲ್ಲಿ ಗೋಕಾಕ ಎಂದು ಬರೆದರೆ ಗಾಫ್, ಕಾಫ್ ಅಕ್ಷರಗಳ ನೆತ್ತಿಯ ಮೇಲೆ ಇಂಥದೇ ಓರೆ ಗೆರೆಗಳು ಬರುತ್ತವೆ, ನಡುವೆ ಅಲಿಫಿನ ಗೂಟವೂ ನಿಲ್ಲುತ್ತದೆ.

"ಖರೇನಾ ಗೋಕಾಕದ್ದಾ?" ಎಂದೆ. "ಇರಬೌದು ಅಂದೆ. ಕುಡಗೋಲ, ಕೊಡ್ಲಿ ಎಲ್ಲಾ ಊರಾಗೂ ಇರತಾವ್ರಿ" ಎಂದರು. ಮಾತಿನಿಂದ ಬರುವಷ್ಟು ಬಂದಾಗಿತ್ತು. ಅವರು ಫೋಟೋ ಕೇಳಲಿಲ್ಲ, ಪೆನ್ಸಿಲ್ಲಿನ ಅಚ್ಚು ಕೇಳಿದರು. ತೆಳು ಕಾಗದವನ್ನು ನಾಣ್ಯದ ಮೇಲೆ ಅಲುಗದಂತೆ ಬಿಗಿಯಾಗಿ ಹಿಡಿದು, ಮೆತ್ತನೆಯ ಪೆನ್ಸಿಲ್ಲನ್ನು ಮಲಗಿಸಿ ಹಗುರಾಗಿ ತಿಕ್ಕಬೇಕು. ಎದ್ದ ಅಕ್ಷರ ಕಪ್ಪಾಗಿ, ತಗ್ಗು ಬೆಳ್ಳಗೆ ಮೂಡುತ್ತದೆ. ಅಳತೆಯೂ ಇದ್ದಷ್ಟೇ ಬರುತ್ತದೆ, ಹೊಳಪು ಅಡ್ಡ ಬರುವುದಿಲ್ಲ. ಮಾವ ಎರಡೂ ಮೈ ತಿಕ್ಕಿ, ಲಕೋಟೆಗೆ ಹಾಕಿ ಹುಕ್ಕೇರಿ ಅಂಚೆಗೆ ಕೊಟ್ಟು ಬಂದರು.

ವಾರದ ಮೇಲೆ ಅದೇ ಕಾಗದ ತಿರುಗಿ ಬಂತು. ಕೆಳಸಾಲಿನ ಸುತ್ತ ಕೆಂಪು ಶಾಯಿಯ ವರ್ತುಲ, ಪಕ್ಕದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ. ಕೆಳಗೆ ಬರೆದಿತ್ತು: "ಎರಡನೇ ಮೈ ತಿಕ್ಕುವಾಗ ಕಾಗದ ಸರಿದು ಗೆರೆ ಎರಡೆರಡಾಗಿವೆ. ಇದರಿಂದ ಓದಲಾಗದು. ಮತ್ತೆ ತಿಕ್ಕಿ ಕಳಿಸಿ." ಹುಕ್ಕೇರಿಯ ಪೇಟೆಯಲ್ಲಿ ಮಾವ ಈಗ ತೆಳು ಕಾಗದ ಹುಡುಕುತ್ತಿದ್ದಾರೆ.